ಹಾಡಿದ್ದೇ ಹಾಡೋ ಕಿಸಬಾಯಿ ದಾಸ

ಹೇಳಿದ್ದನ್ನೇ ಹೇಳುವವರ ಬಾಯಿ ಮುಚ್ಚಿಸಲು ಇದಕ್ಕಿಂತ ಹರಿತವಾದ ಗಾದೆ ನಮ್ಮಲ್ಲಿ ಇದ್ದಂತಿಲ್ಲ. ಮನೆಯ ಹಿರಿಯರು ಹಳೆಯ ಕಥೆ ತೆಗೆದರೆ ಸಾಕು, ಯಾರಾದರೊಬ್ಬರು ಅರ್ಧ ಗಾದೆ ಹೇಳುತ್ತಾರೆ, ಉಳಿದವರು ನಗುತ್ತಾರೆ. ದಾಸನ ಪರವಾಗಿ ಮಾತಾಡಿದವರನ್ನು ಮಾತ್ರ ನಾನು ಕಂಡಿಲ್ಲ.

ದಾಸಯ್ಯ ಶಂಖ ಊದಿ, ಜಾಗಟೆ ಬಡಿದು, ಮನೆಮನೆಯ ಮುಂದೆ ನಿಂತು ಹಾಡುತ್ತಿದ್ದ. ಹತ್ತು ಮನೆಗೂ ಅದೇ ಪದ. ಆದರೆ ಒಂದೊಂದು ಮನೆಯವರು ಕೇಳಿಸಿಕೊಂಡದ್ದು ಒಂದೊಂದೇ ಸಲ. ಬಾಗಿಲಿಗೆ ಬಂದು ಅಕ್ಕಿ ನೀಡಿ ಒಳಗೆ ಹೋದವಳಿಗೆ ಅವನು ಹಾಡಿದ್ದನ್ನೇ ಹಾಡಿದನೆಂದು ಗೊತ್ತಾಗುವುದಾದರೂ ಹೇಗೆ? ಅದು ಗೊತ್ತಾಗುವುದು ಬೀದಿಯುದ್ದಕ್ಕೂ ಅವನ ಬೆನ್ನಹಿಂದೆ ನಡೆದವನಿಗೆ ಮಾತ್ರ. ಈ ಗಾದೆ ಅಂಥವನ ಬಾಯಲ್ಲೇ ಹುಟ್ಟಿರಬೇಕು ಎಂಬುದು ನನ್ನ ಅನುಮಾನ. ಅದಕ್ಕೊಪ್ಪುವ ಒಂದು ಕಥೆ ಹೇಳುತ್ತೇನೆ.

ಮಂಡ್ಯದ ಕಡೆಯ ಒಂದು ಕಲ್ಯಾಣ ಮಂಟಪ. ಮಾರನೆಯ ದಿನ ಬೆಳಿಗ್ಗೆ ಧಾರೆ, ಹಿಂದಿನ ಸಂಜೆ ಆರತಕ್ಷತೆ. ವೇದಿಕೆಯ ಪಕ್ಕದಲ್ಲಿ ಆರ್ಕೆಸ್ಟ್ರಾದವರು: ಒಬ್ಬ ಕೀಬೋರ್ಡಿಗೆ, ಒಬ್ಬ ರಿದಮ್ ಪ್ಯಾಡಿಗೆ, ಹಾಡಲು ಒಬ್ಬ ಗಂಡಸು, ಒಬ್ಬ ಹೆಂಗಸು. ಗಣಪತಿಯ ಹಾಡಿನಿಂದ ಶುರು, ಆಮೇಲೆ ರಾಜ್‌ಕುಮಾರ್, ಊಟದ ಸರದಿ ಕರಗುವ ಹೊತ್ತಿಗೆ ಕುಣಿಯುವ ಹಾಡು. ಈ ಕ್ರಮ ಊರು ಬದಲಾದರೂ ಬದಲಾಗುವುದಿಲ್ಲ. ಇದು ಬೇಸರವೆಂದು ತೋರುವುದು ಕೀಬೋರ್ಡಿನವನಿಗೆ. ನೆಂಟರಿಗೆ ಅದು ಅಂದಿನ ಹಾಡು.

ಎಂಟು ಗಂಟೆಯ ಸುಮಾರಿಗೆ ಹುಡುಗಿಯ ತಾತ ಕೋಲೂರಿಕೊಂಡು ಬಂದರು. ಗಾಯಕಿಯನ್ನು ಕರೆದು, "ಅಮ್ಮಾ, ಹೆಣ್ಣೊಪ್ಪಿಸೋ ಹಾಡು ಬರುತ್ತೇನಮ್ಮ? ವೀಸೀಯವರದ್ದು," ಎಂದರು. ಹಿಂದೆ ನಿಂತಿದ್ದ ಮೊಮ್ಮಗ, "ಶುರುವಾಯ್ತು, ಹಾಡಿದ್ದೇ ಹಾಡೋ..." ಅಂದ. ತಾತ ಆ ಮನೆತನದ ಎಲ್ಲ ಮದುವೆಯಲ್ಲೂ ಅದನ್ನೇ ಕೇಳುತ್ತಿದ್ದರು.

ವಿ. ಸೀತಾರಾಮಯ್ಯನವರ ಈ ಹಾಡನ್ನು ಬಹಳ ಮನೆಗಳಲ್ಲಿ ಜನಪದವೆಂದೇ ತಿಳಿದಿದ್ದಾರೆ. ಬರೆದವರ ಹೆಸರು ಮರೆತುಹೋಗುವಷ್ಟು ಅದು ಮದುವೆಮನೆಗಳಲ್ಲಿ ಬೆರೆತುಹೋಗಿದೆ. ಅದರ ಮೊದಲ ಭಾಗದಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರಿಗೆ, ನಾವು ಬೆಳೆಸಿದ್ದನ್ನು ನಿಮ್ಮ ಮಡಿಲಿಗೆ ಹಾಕಿದ್ದೇವೆ ಎನ್ನುತ್ತಾರೆ. ಮುಂದೆ ಮಾತು ಮಗಳತ್ತ ತಿರುಗುತ್ತದೆ: ತೌರಿಗೆ ನೀನಿನ್ನು ಹೊರಗಿನವಳು, ಇದೇ ನಿನ್ನ ಮನೆ. ಹಾಡುವವರು ಕುಸಿಯುವುದು ಆ ತಿರುವಿನಲ್ಲಿ. ಹಾಡಬೇಕಾದ ಚಿಕ್ಕಮ್ಮ, ಅತ್ತೆ, ಅಕ್ಕಂದಿರೇ ಅಳುವವರೂ ಆದ್ದರಿಂದ ಈ ಹಾಡು ಎಷ್ಟೋ ಮದುವೆಗಳಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಸಂಬಳಕ್ಕೆ ಹಾಡುವವಳಾದರೆ ಪೂರ್ತಿ ಹಾಡಿಯಾಳು ಎಂಬುದು ತಾತನ ಲೆಕ್ಕ.

ಗಾಯಕಿಗೆ ಹಾಡು ಬರುತ್ತಿತ್ತು. ಮೈಕು ಪಕ್ಕಕ್ಕಿಟ್ಟು ಮೆಲ್ಲಗೆ ಒಂದು ಸಾಲು ಹೇಳಿದಳು. ತಾತ ತಲೆಯಾಡಿಸಿದರು. "ಸಾಹಿತ್ಯ ಸರಿ. ಧಾಟಿ ಇದಲ್ಲ."

ನೋಡಿ, ಹಾಡಿದ್ದೇ ಹಾಡು ಎನ್ನುತ್ತೇವಲ್ಲ, ಯಾವ ಹಾಡು? ಅಚ್ಚಿನಲ್ಲಿ ಒಂದೇ ಇರುವ ಪದ್ಯಕ್ಕೆ ಮನೆಗೊಂದು ಧಾಟಿ. ಆಕೆ ಕಲಿತದ್ದು ಧ್ವನಿಮುದ್ರಣ ಕೇಳಿ. ಅದಕ್ಕೆ ತಾಳದ ಕಟ್ಟಿತ್ತು, ಸಾಲಿನ ತುದಿ ಮೇಲೇರುತ್ತಿತ್ತು. ತಾತ ಗುನುಗಿದ್ದರಲ್ಲಿ ತುದಿ ಕೆಳಗಿಳಿದು ಕೊನೆಯ ಅಕ್ಷರ ಉಸಿರಿರುವಷ್ಟು ಹೊತ್ತು ನಿಲ್ಲುತ್ತಿತ್ತು. ರಿದಮ್ ಪ್ಯಾಡಿನವನು ಬೆರಳಲ್ಲಿ ಎಣಿಸಿ ನೋಡಿ ಕೈಬಿಟ್ಟ. ಅದು ತಾಳಕ್ಕೆ ಕೂರುವಂಥದ್ದಲ್ಲ. ಕೀಬೋರ್ಡಿನವನು ಮಾತ್ರ ಶ್ರುತಿ ಹುಡುಕಿದ: ತಾತನದು ಒಂದು ಮನೆ, ಆಕೆಯದು ಐದೂವರೆ. ಅವನಿಗೆ ಅದು ಒಂದು ಗುಂಡಿ ಒತ್ತುವ ಕೆಲಸ. ಆಕೆ ಧಾಟಿ ಹಿಡಿದಳು. ಇನ್ನೇನು ಮೈಕಿಗೆ ಬರಬೇಕು, ಅಷ್ಟರಲ್ಲಿ ಅಜ್ಜಿ ಎದ್ದು ಬಂದರು.

"ನಾಳೆ ಧಾರೆ ಆಗೋದಕ್ಕೆ ಮುಂಚೆಯೇ ಇವತ್ತೇ ಒಪ್ಪಿಸಿಬಿಡ್ತೀರಾ ಹುಡುಗೀನ?"

ಅಜ್ಜಿಯದು ನ್ಯಾಯವಾದ ಮಾತು. ಹೆಣ್ಣೊಪ್ಪಿಸುವುದಕ್ಕೆ ಅದರದೇ ಹೊತ್ತಿದೆ. ಧಾರೆ ಮುಗಿದು, ಊಟವಾಗಿ, ಮಗಳ ಕೈಯನ್ನು ಬೀಗರ ಕೈಗೆ ಕೊಡುವಾಗ ಅದು ಬರಬೇಕು. ಆರ್ಕೆಸ್ಟ್ರಾದವರೋ ಒಂದು ಸಂಜೆಗೆ ಮಾತಾಡಿಕೊಂಡು ಬಂದವರು. ನಾಳೆ ಇನ್ನೊಂದು ಊರು. ತಾತ ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟರು. "ಹಾಗಾದ್ರೆ ಹೋಗ್ಲಿ ಬಿಡಮ್ಮ," ಅಂದರು.

ಗಾಯಕಿಯನ್ನು ನಾನು ಮೆಚ್ಚುವುದು ಇಲ್ಲಿ. ಆಕೆ ಒಂದು ಚರಣ ಹಾಡಿ, ಚಪ್ಪಾಳೆ ಪಡೆದು, ತಾತನ ಆಶೀರ್ವಾದವನ್ನೂ ತೆಗೆದುಕೊಂಡು ಹೋಗಬಹುದಿತ್ತು. ಹಾಗೆ ಮಾಡದೆ, "ತಾತಾ, ಇದನ್ನ ನಾನು ಹಾಡಿದ್ರೆ ನಮ್ಮ ಮನೆ ಹುಡುಗಿ ಅಂತ ಸುಳ್ಳು ಹೇಳಿದ ಹಾಗೆ. ನಿಮ್ಮ ಮನೆಯೋರು ಯಾರಾದ್ರೂ ಇಬ್ಬರನ್ನ ಕರೀರಿ," ಎಂದಳು. ತನ್ನ ಪಾಲಿನ ಹಾಡುಗಳನ್ನು ಜೊತೆಗಾರನಿಗೆ ಬಿಟ್ಟು, ಊಟದ ಹಾಲಿನ ಹಿಂದಿನ ಕೋಣೆಯಲ್ಲಿ ಹುಡುಗಿಯ ಇಬ್ಬರು ಚಿಕ್ಕಮ್ಮಂದಿರನ್ನು ಕೂರಿಸಿಕೊಂಡಳು. ತಾತ ಗುನುಗುವುದು, ಆಕೆ ಹಿಡಿಯುವುದು, ಅವರು ಹೇಳುವುದು. ಶ್ರುತಿಯನ್ನು ತನ್ನ ಐದೂವರೆಯಿಂದ ನಾಲ್ಕೂವರೆಗೆ ಇಳಿಸಿದಳು. ಅಳು ಒತ್ತಿಬಂದರೆ ಗಂಟಲು ಬಿಗಿಯುತ್ತದೆ, ಮೊದಲು ಕೈಕೊಡುವುದು ಮೇಲಿನ ಸ್ವರ. ತಗ್ಗಿನಲ್ಲಿ ಹಿಡಿದರೆ ಹೇಗೋ ದಾಟಬಹುದು. ಮಗಳಿಗೆ ಹೇಳುವ ಭಾಗ ಬಂದಾಗ ಹುಡುಗಿಯ ಮುಖ ನೋಡಬೇಡಿ, ಒಬ್ಬರು ನಿಂತರೆ ಇನ್ನೊಬ್ಬರು ನಿಲ್ಲಿಸಬೇಡಿ ಎಂದೂ ಹೇಳಿದಳು. ಒಂದೇ ಸಾಲನ್ನು ಎಷ್ಟು ಸಲ ಹೇಳಿಸಿದಳೋ. ಬಾಗಿಲಲ್ಲಿ ನಿಂತ ಮೊಮ್ಮಗನಿಗೆ ಮತ್ತೆ ಗಾದೆ ನೆನಪಾಗಿರಬೇಕು, ಆದರೆ ಈ ಸಲ ಅವನು ಫೋನು ತೆಗೆದು ರೆಕಾರ್ಡ್ ಮಾಡಿಕೊಳ್ಳುತ್ತಿದ್ದ.

ಮಾರನೆಯ ಮಧ್ಯಾಹ್ನ ಚಿಕ್ಕಮ್ಮಂದಿರು ಹಾಡಿದರು. ತಿರುವಿನವರೆಗೆ ಚೆನ್ನಾಗಿಯೇ ಬಂತು. ಅಲ್ಲಿ ಒಬ್ಬಳು ನಿಂತಳು, ಹೇಳಿಕೊಟ್ಟ ಮಾತು ಮರೆತು ಇನ್ನೊಬ್ಬಳೂ ನಿಂತಳು. ಒಂದು ಮನೆ ಶ್ರುತಿಯಲ್ಲಿ, ನಡುಗುವ ದನಿಯಲ್ಲಿ, ಮುಂದಿನದನ್ನು ತಾತ ಹಾಡಿದರು. ಗಂಡಸರು ಹೇಳುವ ಹಾಡಲ್ಲ ಅದು ಎಂದು ಬೀಗರಲ್ಲಿ ಯಾರೋ ಅಂದದ್ದೂ ಉಂಟು.

ಈಗ ಗಾದೆಯ ಲೆಕ್ಕಕ್ಕೆ ಬರೋಣ. ತಾತ ಹಾಡಿದ್ದನ್ನೇ ಹಾಡಿದ್ದು ನಿಜ. ಆದರೆ ಪ್ರತಿ ಸಲವೂ ಎದುರಿಗಿದ್ದ ಹುಡುಗಿ ಬೇರೆ. ಅಕ್ಕನಿಗೆ ಹಾಡಿದ್ದನ್ನು ತಂಗಿಯ ಲೆಕ್ಕಕ್ಕೆ ಜಮಾ ಮಾಡಲಾಗುವುದಿಲ್ಲ. ಹಳೆಯದೆನ್ನಿಸಿದ್ದು ಎಲ್ಲ ಮದುವೆಗಳ ಹಿಂದೆಯೂ ನಡೆದ ಮೊಮ್ಮಗನಿಗೆ. ಈ ಗಾದೆ ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ಅಂಗಳದಲ್ಲಿ ಯಾರಿದ್ದಾರೆಂದು ನೋಡದೆ ಹಾಡಿ ಅಕ್ಕಿಗೆ ಜೋಳಿಗೆ ಒಡ್ಡುವ ದಾಸನೂ ಇದ್ದಾನೆ. ಬೈಗುಳ ಅವನಿಗಿರಲಿ, ಈ ತಾತನಿಗೆ ಅದು ಸಲ್ಲದು.