ತವರಿನ ದಾರಿಯಲ್ಲಿ ತಪ್ಪಿಹೋದ ತಪಾಸಣೆ

ಇದು ಯಾವುದೋ ಒಂದು ಮನೆಯ ಕಥೆಯಲ್ಲ, ಎಷ್ಟೋ ಮನೆಗಳಲ್ಲಿ ನಡೆಯಬಹುದಾದ ಪ್ರಕರಣ. ಹುಡುಗಿ ಮಾಲೂರಿನ ಸೊಸೆ, ಶ್ರೀನಿವಾಸಪುರ ಕಡೆಯ ಮಗಳು ಎಂದಿಟ್ಟುಕೊಳ್ಳಿ. ಚೊಚ್ಚಲ ಬಸಿರು.

12 ವಾರದೊಳಗೆ ಆಗಬೇಕಾದ ಮೊದಲ ತಪಾಸಣೆ 10ನೇ ವಾರದಲ್ಲೇ ಆಯಿತು. ತಾಯಿ ಕಾರ್ಡ್ ಬಂತು. ತೂಕ, ರಕ್ತದ ಗುಂಪು, ಹಿಮೋಗ್ಲೋಬಿನ್, ಎಚ್‌ಐವಿ, ಸಿಫಿಲಿಸ್, ಮೂತ್ರ ಎಲ್ಲ ನೋಡಿದರು. ಬಿಪಿ 104/66. 14ರಿಂದ 26 ವಾರದೊಳಗಿನ ಎರಡನೆಯದೂ ತಪ್ಪಲಿಲ್ಲ. ಮಗುವಿನ ಅಂಗಾಂಗ ನೋಡುವ ಸ್ಕ್ಯಾನಿಂಗ್ ಆಯಿತು, ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ಸಕ್ಕರೆ ಪರೀಕ್ಷಿಸಿದರು, ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಎಲ್ಲ ಸರಿಯಿತ್ತು.

ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ತವರಿಗೆ ಕರೆದೊಯ್ದರು. ಕಾರ್ಡ್ ಮಾತ್ರ ಗಂಡನ ಮನೆಯ ಬೀರುವಿನಲ್ಲೇ ಉಳಿಯಿತು. ಮಾಲೂರಿನ ಆಶಾ ಕಾರ್ಯಕರ್ತೆ, ಅಲ್ಲಿ ತೋರಿಸುತ್ತಾರೆ ಅಂದುಕೊಂಡಳು. ತವರೂರಿನ ಆಶಾಳ ಪಟ್ಟಿಯಲ್ಲಿ ಈಕೆಯ ಹೆಸರೇ ಇರಲಿಲ್ಲ. 28ರಿಂದ 34 ವಾರದ ಮೂರನೇ ತಪಾಸಣೆ ಹೀಗೆ ಕೈಬಿಟ್ಟುಹೋಯಿತು.

35ನೇ ವಾರದಲ್ಲಿ ಮುಖ ಊದಿತು, ಕೈಬೆರಳಿನ ಉಂಗುರ ಹೊರಬರಲಿಲ್ಲ, ತಲೆನೋವು ಬಿಡಲಿಲ್ಲ. 'ಬಸುರಿಗೆ ಊತ ಹೊಸದೇನಮ್ಮಾ, ಮಲಗು' ಎಂದರು ತಾಯಿ. ಕಾಲು ಊದುವುದು ಬಸಿರಿನಲ್ಲಿ ಸಹಜವೇ. ಆದರೆ ಮುಖ, ಕೈ ಏಕಾಏಕಿ ಊದಿ, ತಲೆ ಸಿಡಿದು, ಕಣ್ಣು ಮಂಜಾದರೆ ಅಥವಾ ಮೇಲುಹೊಟ್ಟೆ ನೋವಾದರೆ ಅದು ಬೇರೆಯೇ ಮಾತು. ಮರುದಿನ ಆಸ್ಪತ್ರೆಯಲ್ಲಿ ಬಿಪಿ 156/104, ಮೂತ್ರದಲ್ಲಿ ಪ್ರೋಟೀನ್. ಫಿಟ್ಸ್ ಬರದಂತೆ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು ಹಾಕಿ ಕೋಲಾರಕ್ಕೆ ಕಳಿಸಿದರು. ಅವಧಿಗೆ ಮುಂಚೆಯೇ ಹೆರಿಗೆ ಮಾಡಿಸಿದರು. ಮಗು ಸಣ್ಣದು, ಇಬ್ಬರೂ ಉಳಿದರು.

ತಪ್ಪು ಯಾರದು? ಹುಡುಗಿಯ ತಾಯಿಯದು ಎನ್ನಲು ನನಗೆ ಮನಸ್ಸು ಬಾರದು. ಆಕೆ ತನ್ನ ಕಾಲದ ಅನುಭವ ಹೇಳಿದಳು. ತವರಿಗೆ ಕರೆತರುವ ಸಂಪ್ರದಾಯವೂ ಕೆಟ್ಟದ್ದಲ್ಲ, ವಿಶ್ರಾಂತಿ ಬೇಕಾದ ಹೊತ್ತಿಗೆ ಅದು ಸಿಗುತ್ತದೆ. ಆದರೆ ಬಸಿರಿನಲ್ಲಿ ಬಿಪಿ ಏರುವ ಈ ಕಾಯಿಲೆ ಕಾಣಿಸಿಕೊಳ್ಳುವುದು 20 ವಾರದ ನಂತರ, ಹೆಚ್ಚಾಗಿ ಕೊನೆಯ ತಿಂಗಳುಗಳಲ್ಲಿ. ಮೊದಲೆರಡು ತಪಾಸಣೆ ಚೆನ್ನಾಗಿದ್ದದ್ದು ಮೂರನೆಯದಕ್ಕೆ ಜಾಮೀನಲ್ಲ. ಬಿಪಿ 140/90 ಮುಟ್ಟಿದಾಗ ಹೆಣ್ಣಿಗೆ ಏನೂ ಅನ್ನಿಸದೆಯೂ ಇರಬಹುದು; ಪಟ್ಟಿ ಸುತ್ತಿ ಅಳೆದರೆ, ಮೂತ್ರ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಮಗಳನ್ನು ಒಪ್ಪಿಸಿದ ಮನೆ, ಒಪ್ಪಿಸಿಕೊಂಡ ಮನೆ, ಇಬ್ಬರೂ ಜವಾಬ್ದಾರಿಯನ್ನು ಮಾತ್ರ ಒಪ್ಪಿಸಿಕೊಳ್ಳಲಿಲ್ಲ. ನನ್ನ ಮಟ್ಟಿಗೆ ದೋಷ ಇರುವುದು ಅಲ್ಲಿ.

ಆದ್ದರಿಂದ ಸೀಮಂತದ ದಿನ ಮಡಿಲು ತುಂಬುವಾಗಲೇ ಬ್ಯಾಗಿನಲ್ಲಿ ತಾಯಿ ಕಾರ್ಡ್ ಇಡಿ. ಮಾಲೂರಿನಲ್ಲಿ ಮಾಡಿಸಿದ ಕಾರ್ಡನ್ನು ಶ್ರೀನಿವಾಸಪುರದಲ್ಲೂ ತೋರಿಸಬಹುದು. ಹೊರಡುವ ಮುಂಚೆ ಎರಡೂ ಊರಿನ ಆಶಾಗಳಿಗೆ ಫೋನ್ ಮಾಡಿ ತಿಳಿಸಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರು ಬಸುರಿಯರನ್ನು ಉಚಿತವಾಗಿ ನೋಡುತ್ತಾರೆ. 36 ವಾರದ ನಂತರದ ನಾಲ್ಕನೇ ತಪಾಸಣೆಯನ್ನೂ ಬಿಡಬೇಡಿ.