ಬೆಳಗ್ಗೆ ಐದಕ್ಕೇ ಹೇಳಬೇಕಾದ ಮಾತು

ಸೋಮವಾರ ಒಂದು ಕಂಪನಿಯ ಆಫರ್ ಒಪ್ಪಿ ಸಹಿ ಹಾಕಿದೆ. ಗುರುವಾರ ಇನ್ನೊಂದು ಕಡೆ ಕೊನೇ ರೌಂಡ್ ಇತ್ತು. 'ಸುಮ್ನೆ ಅಟೆಂಡ್ ಮಾಡು ಮಾರಾಯ. 90 ದಿನ ನೋಟಿಸ್ ಪೀರಿಯಡ್ಡು, ಅಷ್ಟರಲ್ಲಿ ಇವರು ಕೈಕೊಟ್ರೆ?' ಅಂದ ರೂಮ್‌ಮೇಟ್. ಭಯ ಸುಳ್ಳಲ್ಲ. ನನಗೇ ಒಮ್ಮೆ, ಸೇರೋಕೆ ವಾರ ಇದೆ ಅನ್ನುವಾಗ ಆಫರ್ ವಾಪಸ್ ಹೋಗಿತ್ತು.

ಆದ್ರೆ ಅಪ್ಪ ನೆನಪಾದರು. ಭತ್ತದ ಕೊಯ್ಲಿಗೆ ಆಳು ಹೇಳಿದ ಮೇಲೆ ನಮ್ಮ ಗದ್ದೆ ಇನ್ನೂ ಆರಿಲ್ಲ ಅಂತಾದ್ರೆ, ಬೆಳಗ್ಗೆ ಐದಕ್ಕೇ ಅವರ ಮನೆ ಬಾಗಿಲಿಗೆ ಹೋಗಿ 'ಇವತ್ತು ಬೇಡ ಕಣಮ್ಮ' ಅಂದು ಬರ್ತಿದ್ದರು. ಎಂಟಕ್ಕೆ ಹೇಳಿದರೆ ಅವರಿಗೆ ಬೇರೆ ಗದ್ದೆ ಸಿಗದು, ಆ ದಿನದ ಕೂಲಿ ಹೋಯ್ತು.

ಗುರುವಾರದ ಆ ಒಂದು ಗಂಟೆಯೂ ಹಾಗೇ. ಇವತ್ತೇ ಬಿಟ್ಟುಕೊಟ್ಟರೆ ಸಾಲಲ್ಲಿರೋ ಇನ್ಯಾರಿಗೋ ಸಿಗುತ್ತೆ, ಬುಧವಾರ ರಾತ್ರಿ ಬಿಟ್ಟರೆ ಯಾರಿಗೂ ಇಲ್ಲ. ರಿಜೆಕ್ಟ್ ಆದವರಿಗೆ ಎಷ್ಟೋ ಕಂಪನಿಗಳು ಒಂದು ಮೇಲ್ ಕೂಡ ಹಾಕಲ್ಲ, ನಿಜ. ಆ ಸಿಟ್ಟನ್ನ ಸಾಲಲ್ಲಿರೋನ ಮೇಲೆ ತೀರಿಸೋದಾ?

ಮೂರು ಸಾಲು ಬರೆದೆ: ಬೇರೆ ಆಫರ್ ಒಪ್ಪಿದ್ದೇನೆ, ಗುರುವಾರದ ಇಂಟರ್‌ವ್ಯೂ ರದ್ದು ಮಾಡಿ, ಸಮಯ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಕಂಪನಿ ಹೆಸರು, ಸಂಬಳ ಬರೆಯಲಿಲ್ಲ. ಬರೆದರೆ ಚೌಕಾಸಿಗೆ ಕರೆದ ಹಾಗಾಗುತ್ತೆ.

ಹತ್ತೇ ನಿಮಿಷಕ್ಕೆ ರಿಕ್ರೂಟರ್ ಫೋನು. 'ಎಷ್ಟು ಕೊಡ್ತಿದ್ದಾರೆ ಸರ್? ನಾವು ಮ್ಯಾಚ್ ಮಾಡ್ತೀವಿ.'

ಮಾತು ಕೊಟ್ಟಾಯ್ತು ಮೇಡಂ, ಅಂದೆ.

'ಸರಿ ಹಾಗಾದ್ರೆ. ಆ ಸ್ಲಾಟ್ ಬೇರೆಯವರಿಗೆ ಕೊಡ್ತೀನಿ' ಅಂದು ಇಟ್ಟರು.