ಕಾಯಬಲ್ಲವನ ಧೈರ್ಯ

ಚಿನ್ನ ಮೇಲೋ ಷೇರು ಮೇಲೋ ಎಂಬುದನ್ನು ನಾವು ಸಾಮಾನ್ಯವಾಗಿ ಲೆಕ್ಕದ ಪ್ರಶ್ನೆಯೆಂದೇ ತಿಳಿಯುತ್ತೇವೆ. ಇಷ್ಟು ವರ್ಷಗಳಲ್ಲಿ ಇದೆಷ್ಟು ಬೆಳೆಯಿತು, ಅದೆಷ್ಟು ಬೆಳೆಯಿತು ಎಂದು ಎರಡು ಸಾಲು ಬರೆದು ಕೂಡಿ ಕಳೆದರೆ ಉತ್ತರ ಸಿಕ್ಕೀತೆಂದು ನಂಬುತ್ತೇವೆ. ಆದರೆ ಈ ಪ್ರಶ್ನೆಯ ಹೊಟ್ಟೆಯಲ್ಲಿ ಇನ್ನೊಂದು ಪ್ರಶ್ನೆ ಅಡಗಿದೆ. ಕಣ್ಣಿಗೆ ಕಾಣದ ಜನರ ದುಡಿಮೆಯನ್ನೂ ಪ್ರಾಮಾಣಿಕತೆಯನ್ನೂ ನಂಬಿ ಬಾಳುವುದು ಮೇಲೋ, ಯಾರ ಮಾತಿನ ಹಂಗೂ ಇಲ್ಲದೆ ಕೈಯಲ್ಲಿ ಹಿಡಿಯಬಹುದಾದುದನ್ನು ಹಿಡಿದುಕೊಂಡು ಬಾಳುವುದು ಮೇಲೋ? ಇದು ಗಣಿತವಲ್ಲ, ನೀತಿ. ಇದನ್ನು ವಿಚಾರ ಮಾಡುವುದಕ್ಕೆ ಒಂದು ಸಣ್ಣ ಕಥೆ ಸಾಕು. ಇದರಲ್ಲಿ ಇಬ್ಬರೇ ಪಾತ್ರಧಾರಿಗಳು. ಇಬ್ಬರೂ ಕುಳಿತಲ್ಲಿಂದ ಏಳುವುದಿಲ್ಲ.

ಮಳೆಗಾಲದ ಒಂದು ಸಂಜೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಬಳಿ ರಸ್ತೆಯ ಮೇಲೆ ನೀರು ನಿಂತು, ವಾಹನಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಒಂದು ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದ ಹಿರಿಯ ಅಧಿಕಾರಿ. ಎಲೆಕ್ಟ್ರಾನಿಕ್ ಸಿಟಿಯಿಂದ ಮಲ್ಲೇಶ್ವರದ ಮನೆಗೆ ಹೊರಟವರು. ಮುಂದೆ ಚಾಲಕ, ಕೆ.ಜಿ.ಎಫ್. ಕಡೆಯವನು, ನಲವತ್ತು ದಾಟಿದೆ. ಅರ್ಧ ಗಂಟೆಯಲ್ಲಿ ಗಾಡಿ ನಾಲ್ಕು ಮಾರು ಮುಂದೆ ಹೋಗಿರಬಹುದು. ಅಷ್ಟರಲ್ಲಿ ಚಾಲಕನಿಗೆ ಮನೆಯಿಂದ ಫೋನು ಬಂತು. ಚೀಟಿಯ ಹಣ ಕೈಗೆ ಬಂದಿದೆ, ಮಗಳಿಗೆ ಬಳೆ ಮಾಡಿಸಿಬಿಡೋಣ ಎಂದು ಹೆಂಡತಿ ಹೇಳುತ್ತಿದ್ದುದು ಹಿಂದಿನ ಸೀಟಿಗೂ ಕೇಳಿಸಿತು.

“ತಪ್ಪು ತಿಳೀಬೇಡಿ,” ಎಂದರು ಪ್ರಯಾಣಿಕರು. “ಬಳೆ ಮಾಡಿಸೋ ಬದಲು ಅದನ್ನ ಷೇರಿನಲ್ಲಿ ಹಾಕಬಾರದೆ?”

“ಷೇರು ನಮಗೆಲ್ಲಿ ಸಾರ್? ನಾವು ಚಿನ್ನದ ಜನ.”

“ಹೋದ ಸಲ ಯಾವಾಗ ಮಾಡಿಸಿದ್ರಿ?”

“2013ರಲ್ಲಿ, ಮನೆಯವಳಿಗೆ ಒಂದು ಸರ. 24 ಗ್ರಾಂ.”

ಪ್ರಯಾಣಿಕರಿಗೆ ಲೆಕ್ಕ ಕರತಲಾಮಲಕ. ಆಗ 22 ಕ್ಯಾರೆಟ್ ಚಿನ್ನ ಗ್ರಾಮಿಗೆ ಸುಮಾರು 2,700 ರೂಪಾಯಿ. 24 ಗ್ರಾಮಿಗೆ 64,800. ಅಂಗಡಿಯವನು ಕೂಲಿ, ವೇಸ್ಟೇಜು ಎಂದು ನೂರಕ್ಕೆ 12 ಸೇರಿಸಿದರೆ ಇನ್ನೊಂದು 7,776. ತೆರಿಗೆಯೂ ಸೇರಿ 73 ಸಾವಿರದ ಮೇಲೆ. “ಮಾರನೆಯ ದಿನವೇ ಅದನ್ನ ಮಾರೋಕೆ ಹೋಗಿದ್ದರೆ ಕೂಲಿಯನ್ನ ಯಾರೂ ವಾಪಸು ಕೊಡ್ತಿರಲಿಲ್ಲ, ಎಂಟು ಸಾವಿರ ಅಂಗಡಿ ಬಾಗಿಲಲ್ಲೇ ಹೋಯಿತು. ಆಮೇಲೆ 2018ರಲ್ಲಿ ನೋಡಿದರೂ ಗ್ರಾಮಿಗೆ ಸುಮಾರು 2,900. ಐದು ವರ್ಷ ಅದು ಬೀರುವಿನಲ್ಲಿ ಮಲಗಿತ್ತು. ಚಿನ್ನ ಮರಿ ಹಾಕೋದಿಲ್ಲ. ಷೇರು ಅಂದರೆ ಒಂದು ಕಾರ್ಖಾನೆ, ಒಂದು ಬ್ಯಾಂಕು. ಅಲ್ಲಿ ಜನ ದುಡೀತಾರೆ, ಅದರಲ್ಲಿ ನಿಮಗೊಂದು ಪಾಲು.”

ಚಾಲಕ ಕನ್ನಡಿಯಲ್ಲಿ ಅವರ ಮುಖ ನೋಡಿ ನಕ್ಕ. “ಮಾರೋದಕ್ಕೆ ಮಾಡಿಸಿದ್ದಲ್ಲ ಸಾರ್. 2020ರಲ್ಲಿ ಲಾಕ್‌ಡೌನ್ ಆಯ್ತಲ್ಲ, ಮಾರ್ಚ್‌ನಿಂದ ಗಾಡಿ ನಿಂತೋಯ್ತು. ಗಾಡಿ ಸಾಲದ ಕಂತು, ಮನೆ ಬಾಡಿಗೆ, ಅಮ್ಮನ ಔಷಧಿ. ಜೂನ್‌ನಲ್ಲಿ ಆ ಸರ ತಗೊಂಡು ಬ್ಯಾಂಕಿಗೆ ಹೋದೆ. ತೂಕ ಹಾಕಿದ್ರು, ಕಲ್ಲಿಗೆ ತಿಕ್ಕಿ ನೋಡಿದ್ರು, ಒಂದು ಗಂಟೆಯೊಳಗೆ 75 ಸಾವಿರ ಕೈಗೆ ಕೊಟ್ರು. ನೀನು ಯಾರು, ನಿನ್ನ ಸಂಬಳ ಎಷ್ಟು ಅಂತ ಒಬ್ಬರೂ ಕೇಳಲಿಲ್ಲ.”

ಚಿನ್ನ ಆ ಹೊತ್ತಿಗೆ ಗ್ರಾಮಿಗೆ ಸುಮಾರು 4,300 ಆಗಿತ್ತು. ಸರದ ಬೆಲೆ ಒಂದು ಲಕ್ಷದ ಮೇಲೆ, ಬ್ಯಾಂಕು ಅದರ ಮುಕ್ಕಾಲು ಪಾಲಿಗೆ ಕೊಂಚ ಕಡಿಮೆ ಕೊಟ್ಟಿತ್ತು. ವರ್ಷಕ್ಕೆ ನೂರಕ್ಕೆ 9 ರಂತೆ ಹದಿನೆಂಟು ತಿಂಗಳಿಗೆ ಹತ್ತು ಸಾವಿರ ಚಿಲ್ಲರೆ ಬಡ್ಡಿ. ಅದನ್ನು ಕಟ್ಟಿ ಸರವನ್ನು ಬಿಡಿಸಿಕೊಂಡು ಬಂದಿದ್ದ.

“ಕಟ್ಟೋಕೆ ಆಗದೆ ಹೋಗಿದ್ದರೆ?”

“ಹರಾಜು, ಸಾರ್. ಪೇಪರಿನಲ್ಲಿ ಹಾಕ್ತಾರಲ್ಲ.”

ಈಗ ಪ್ರಯಾಣಿಕರು ತಮ್ಮ ಕಥೆ ಹೇಳಿದರು. ಅವರ ಹಣವಿದ್ದುದು ಮುಂಬಯಿ ಷೇರುಪೇಟೆಯ ಸೂಚ್ಯಂಕದ ಮೂವತ್ತು ಕಂಪನಿಗಳಲ್ಲಿ ಹರಡಿದ್ದ ಒಂದು ನಿಧಿಯಲ್ಲಿ. 2020ರ ಜನವರಿಯಲ್ಲಿ ಸೂಚ್ಯಂಕ 42 ಸಾವಿರದ ಹತ್ತಿರವಿತ್ತು, ಅವರ ಹಣ 10 ಲಕ್ಷ. ಮಾರ್ಚ್ 23ರಂದು ಒಂದೇ ದಿನದಲ್ಲಿ ನೂರಕ್ಕೆ 13ರಷ್ಟು ಬಿದ್ದು ಸೂಚ್ಯಂಕ 26 ಸಾವಿರಕ್ಕೆ ಇಳಿಯಿತು. ಹತ್ತು ಲಕ್ಷ 6 ಲಕ್ಷ 20 ಸಾವಿರವಾಯಿತು. “ನಾನು ಮುಟ್ಟಲಿಲ್ಲ. ವರ್ಷ ಮುಗಿಯೋದರೊಳಗೆ ಹೋದದ್ದೆಲ್ಲ ಬಂತು, ಮೇಲೆ ಇನ್ನಷ್ಟು ಬಂತು. ಧೈರ್ಯ ಬೇಕು ಅಷ್ಟೆ.”

ಚಾಲಕ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: “ಆ ತಿಂಗಳುಗಳಲ್ಲಿ ನಿಮಗೆ ಸಂಬಳ ಬರ್ತಿತ್ತಾ ಸಾರ್?”

“ಬರ್ತಿತ್ತು.”

“ನನಗೆ ಬರ್ತಿರಲಿಲ್ಲ.”

ಕಥೆಯ ಹೂರಣ ಇಷ್ಟೇ. ಈ ಎರಡು ಮಾತುಗಳ ನಡುವೆ ಇರುವ ಅಂತರವನ್ನು ಅರ್ಥಮಾಡಿಕೊಂಡರೆ ನಮ್ಮ ಪ್ರಶ್ನೆ ಅರ್ಧ ಬಗೆಹರಿದಂತೆ.

ಪ್ರಯಾಣಿಕರು ಧೈರ್ಯವೆಂದು ಕರೆದದ್ದು ನಿಜವಾಗಿ ಏನು? ಹಣ ಕರಗುತ್ತಿರುವುದನ್ನು ನೋಡಿಯೂ ಅದನ್ನು ಮುಟ್ಟದಿರುವುದು. ಮುಟ್ಟದಿರುವುದಕ್ಕೆ ಮನಸ್ಸಿನ ಸ್ಥೈರ್ಯ ಬೇಕು, ಒಪ್ಪತಕ್ಕದ್ದೇ. ಆ ಮಾರ್ಚಿನಲ್ಲಿ ಹೆದರಿ ಮಾರಿಕೊಂಡ ಸಂಬಳದಾರರೂ ಉಂಟು. ಆದರೆ ಸ್ಥೈರ್ಯಕ್ಕೆ ಮೊದಲು ಬೇಕಾದದ್ದು ಅಕ್ಕಿ. ಚಾಲಕನ 73 ಸಾವಿರ 2013ರಿಂದಲೂ ಷೇರಿನಲ್ಲಿದ್ದಿದ್ದರೆ, ಅದು ಬೆಳೆದೂ ಇರುತ್ತಿತ್ತು. ಆದರೆ ಅವನಿಗೆ ಹಣ ಬೇಕಾದ ದಿನಗಳೇ ಎಲ್ಲರಿಗೂ ಹಣ ಬೇಕಾದ ದಿನಗಳು, ಆದ್ದರಿಂದ ಷೇರು ಅತ್ಯಂತ ಅಗ್ಗವಾದ ದಿನಗಳು. ಅವನ ಗಾಡಿಯನ್ನು ನಿಲ್ಲಿಸಿದ ಕಾರಣವೇ ಷೇರುಪೇಟೆಯನ್ನೂ ಕೆಡವಿತ್ತು. ಷೇರಿನ ಮೇಲೂ ಸಾಲ ಹುಟ್ಟುತ್ತದೆ, ನಿಜ. ಆದರೆ ಬೆಲೆ ಇಳಿದ ದಿನ ಇನ್ನಷ್ಟು ಒತ್ತೆ ತಾ ಎನ್ನುತ್ತಾರೆ, ತರದಿದ್ದರೆ ಮಾರುತ್ತಾರೆ. ಒಟ್ಟಿನಲ್ಲಿ ಬೆಳೆಯುವ ಹಣವೆಲ್ಲ ಕಾಯಬಲ್ಲವನಿಗೆ ಬೆಳೆಯುವ ಹಣ. ಕಾಯುವುದಕ್ಕೂ ಬಂಡವಾಳ ಬೇಕು. ಆ ಬಂಡವಾಳದ ಹೆಸರು ತಿಂಗಳ ಸಂಬಳ. ಅದಿದ್ದವನು ತನ್ನ ಅನುಕೂಲವನ್ನು ತನ್ನ ಗುಣವೆಂದು ಭಾವಿಸಿ, ಅದಿಲ್ಲದವನ ಎಚ್ಚರಿಕೆಯನ್ನು ಅಜ್ಞಾನವೆಂದು ಕರೆಯುವುದು ನ್ಯಾಯವಲ್ಲ.

ಹಾಗಾದರೆ ಚಾಲಕನೇ ಗೆದ್ದನೆ? ಕಥೆ ಇನ್ನೂ ಸ್ವಲ್ಪ ಉಳಿದಿದೆ. ಗಾಡಿ ಮತ್ತೆ ಎರಡು ಮಾರು ಸರಿದು ನಿಂತಾಗ ಚಾಲಕ ಹೇಳಿದ: “ನಮ್ಮಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿದ್ರು ಸಾರ್. 2001ರಲ್ಲಿ ಗಣಿ ಮುಚ್ಚೋವರೆಗೂ ಚಿನ್ನ ತೆಗೆದ್ರು. ಮುಚ್ಚಿದ ಮೇಲೆ ಬಾಕಿಗೆ ಅಂತ ವರ್ಷಗಟ್ಟಲೆ ಅಲೆದ್ರು. ಅವರು ಸತ್ತಾಗ ಮನೇಲಿದ್ದ ಚಿನ್ನ ಅಮ್ಮನ ತಾಳಿ ಒಂದೇ. ಅದಕ್ಕೇ ನನಗೆ ಚಿನ್ನ ಅಂದ್ರೆ ಕೈಲಿರಬೇಕು.”

ಆ ಗಣಿಯ ಕಥೆಯನ್ನು ಬಲ್ಲವರಿಗೆ ಇಲ್ಲೊಂದು ವಿಚಿತ್ರ ಕಾಣುತ್ತದೆ. ಕೋಲಾರದ ಚಿನ್ನ ಭೂಮಿಯಿಂದ ಮೇಲೆ ಬಂದದ್ದೇ ಷೇರಿನಿಂದ. 1880ರಲ್ಲಿ ಲಂಡನ್ನಿನಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿತು. ಮೊದಲ ಕೆಲವು ವರ್ಷ ಅಗೆದಲ್ಲೆಲ್ಲ ಕಲ್ಲೇ. ಕೂಡಿಸಿದ ಹಣ ಕರಗಿ, ಕಂಪನಿಯನ್ನು ಮುಚ್ಚಿಬಿಡಬೇಕೆನ್ನುವ ಮಾತು ಬಂದಿತ್ತು. ಉಳಿದ ಅಲ್ಪ ಹಣದಲ್ಲಿ ಇನ್ನೊಮ್ಮೆ ನೋಡೋಣವೆಂದು ಜಾನ್ ಟೇಲರ್ ಸಂಸ್ಥೆಯವರು ಹಿಡಿದು ನಿಂತಾಗ ಚಾಂಪಿಯನ್ ಪದರ ಸಿಕ್ಕಿತು. ಕೋಲಾರವನ್ನು ಕಣ್ಣಿನಿಂದ ಕಾಣದವರು ಕಾಣದ ಚಿನ್ನವನ್ನು ನಂಬಿ ಹಣ ಹೂಡದಿದ್ದರೆ, ಮೂರು ಕಿಲೋಮೀಟರಿಗೂ ಆಳವಾದ ಆ ಗಣಿ ಇರುತ್ತಿರಲಿಲ್ಲ. ಯಾರನ್ನೂ ನಂಬಬೇಕಾಗಿಲ್ಲವೆಂದು ನಾವು ಹಿಡಿದುಕೊಂಡಿರುವ ಚಿನ್ನವೂ ಯಾರದೋ ನಂಬಿಕೆಯ ಫಲ, ಮತ್ತೆ ಯಾರದೋ ದುಡಿಮೆಯ ಫಲ. ಕೊನೆಗಾಲದಲ್ಲಿ ಅಲ್ಲಿ ಒಂದು ಟನ್ ಕಲ್ಲಿಗೆ ಮೂರು ನಾಲ್ಕು ಗ್ರಾಂ ಚಿನ್ನ ಸಿಕ್ಕುತ್ತಿತ್ತು. ಅಂದರೆ ಈ ಚಾಲಕನ ಹೆಂಡತಿಯ ಸರದಂಥ ಒಂದು ಸರಕ್ಕೆ ಆರೇಳು ಟನ್ ಕಲ್ಲು. ಅದರ ಧೂಳು ಕುಡಿದವರ ಎದೆಯೊಳಗೆ ಸಿಲಿಕೋಸಿಸ್. ಲಾಭಾಂಶ ಲಂಡನ್ನಿಗೆ ಹೋಯಿತು, 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದ ಮೇಲೂ, ಇಳಿದು ಅಗೆದವನಿಗೆ ಚಿನ್ನವೂ ಸಿಗಲಿಲ್ಲ, ಪಾಲೂ ಸಿಗಲಿಲ್ಲ, ಕೂಲಿ ಸಿಕ್ಕಿತು.

ಇದರಿಂದ ಷೇರು ಹಿಡಿದವನಿಗೂ ಒಂದು ಪಾಠವುಂಟು. ‘ಜನ ದುಡಿಯುತ್ತಾರೆ, ಅದರಲ್ಲಿ ನಿಮಗೊಂದು ಪಾಲು’ ಎಂದರು ಪ್ರಯಾಣಿಕರು. ಚೆನ್ನಾದ ಮಾತು. ಆದರೆ ಪಾಲುದಾರನಾದವನು ಆ ಜನ ಹೇಗೆ ದುಡಿಯುತ್ತಾರೆ, ಲೆಕ್ಕ ಬರೆಯುವವನು ನಿಜ ಬರೆಯುತ್ತಾನೆಯೇ ಎಂದು ಎಂದಾದರೂ ಕೇಳಿದ್ದಾನೆಯೇ? 2009ರ ಜನವರಿ 7ರಂದು ಸತ್ಯಂ ಕಂಪನಿಯ ಅಧ್ಯಕ್ಷರು ತಮ್ಮ ಲೆಕ್ಕಪತ್ರಗಳು ಸುಳ್ಳೆಂದು ತಾವೇ ಒಪ್ಪಿಕೊಂಡಾಗ, ಅದರ ಷೇರು ಒಂದೇ ದಿನದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬೆಲೆ ಕಳೆದುಕೊಂಡಿತು. ಬೆಲೆ ಇಳಿಯುವುದು ಒಂದು, ನಂಬಿಕೆ ಒಡೆಯುವುದು ಇನ್ನೊಂದು; ಕಾದರೆ ಮೊದಲನೆಯದು ವಾಸಿಯಾದೀತು, ಎರಡನೆಯದು ಆಗದು. ಹಣವನ್ನು ಹಲವು ಕಂಪನಿಗಳಲ್ಲಿ ಹರಡಿದವನು ಅಂಥ ಪೆಟ್ಟನ್ನು ತಡೆದುಕೊಳ್ಳುತ್ತಾನೆ. ಆದರೆ ಹಾಗೆ ಹರಡಿದಷ್ಟೂ ಅವನಿಗೆ ಯಾವೊಂದು ಕಂಪನಿಯ ವಿಷಯದಲ್ಲಿಯೂ ತಾನು ಹೊಣೆಗಾರನೆಂಬ ಭಾವನೆ ಉಳಿಯುವುದಿಲ್ಲ. ಅಪರಿಚಿತರ ಪ್ರಾಮಾಣಿಕತೆಯನ್ನು ತಿಂದು ಬದುಕುವವನು ಬೆಲೆಯೊಂದನ್ನೇ ನೋಡುತ್ತ ಕುಳಿತರೆ ಅದನ್ನು ನಂಬಿಕೆಯೆನ್ನಲಾದೀತೆ? ಅದು ಉದಾಸೀನ.

ಚಿನ್ನ ಹಿಡಿದವನಿಗೂ ಪಾಠವಿದೆ. ಅದನ್ನು ಪ್ರಯಾಣಿಕರೇ ಕೇಳಿದರು. “ಆ ಸರ ಒತ್ತೆ ಇಟ್ಟಿದ್ದು ನೀವು. ಸರ ಯಾರದು?” ಚಾಲಕ ತಟ್ಟನೆ ಉತ್ತರ ಕೊಡಲಿಲ್ಲ. ಹೆಣ್ಣಿಗೆ ತವರಿನಿಂದಲೂ ಗಂಡನಿಂದಲೂ ಬಂದ ಚಿನ್ನ ಅವಳ ಸ್ತ್ರೀಧನ. ಅದು ಅವಳೊಬ್ಬಳದೇ ಎಂದು 1985ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಮನೆಯ ಕಷ್ಟಕ್ಕೆ ಮೊದಲು ಕಳಚುವುದು ಅವಳ ಕೊರಳು. “ಅವಳೇ ಬಿಚ್ಚಿ ಕೊಟ್ಟಳು ಸಾರ್,” ಎಂದ ಕೊನೆಗೆ. “ನಾನು ಕೇಳಿರಲಿಲ್ಲ.” ಯಾರನ್ನೂ ನಂಬದ ಆಸ್ತಿಯೆಂದು ಅವನು ತಿಳಿದಿದ್ದ ಆ ಸರದ ಹಿಂದೆಯೂ ಒಬ್ಬಳ ನಂಬಿಕೆ ಇತ್ತು, ಬಿಡಿಸಿಕೊಂಡು ಬರುತ್ತಾನೆಂದು ಅವಳು ನಂಬಿದ್ದಳು.

ನನಗೆ ತೋರುವುದಿಷ್ಟು. ಆರು ತಿಂಗಳ ಹಸಿವನ್ನು ತಡೆಯುವಷ್ಟು, ಯಾರ ಮರ್ಜಿಯೂ ಬೇಡದಂಥದ್ದು ಕೈಯಲ್ಲಿರಬೇಕು. ಅದು ಚಿನ್ನವಾದರೂ ಸರಿ, ಬ್ಯಾಂಕಿನ ಠೇವಣಿಯಾದರೂ ಸರಿ. ಅಷ್ಟಿಲ್ಲದವನಿಗೆ ಪರರನ್ನು ನಂಬಿ ಬೆಳೆ ಎಂದು ಉಪದೇಶಿಸುವುದು ಈಜು ಬಾರದವನನ್ನು ಹೊಳೆಗೆ ಕರೆದಂತೆ. ಅಷ್ಟಿದ್ದವನು ಮಿಕ್ಕದ್ದನ್ನೂ ಬೀರುವಿನಲ್ಲಿ ಮಲಗಿಸಿದರೆ, ತಾನು ನಿತ್ಯವೂ ಉಣ್ಣುವ ಜಗತ್ತಿನ ದುಡಿಮೆಗೆ ತನ್ನ ಪಾಲು ಸಲ್ಲಿಸದೆ ಉಳಿದಂತೆ. ಇವೆರಡರ ನಡುವಿನ ಗೆರೆ ಎಲ್ಲಿದೆಯೆಂದು ಪೇಟೆಯ ಬೆಲೆಪಟ್ಟಿ ಹೇಳಲಾರದು. ಮುಂದಿನ ತಿಂಗಳ ಒಂದನೆಯ ತಾರೀಖು ಯಾವ ಮನೆಗೆ ಏನನ್ನು ತರುತ್ತದೆ ಎಂಬುದು ಹೇಳಬಲ್ಲದು. ಇನ್ನೊಬ್ಬರಿಗೆ ಬುದ್ಧಿ ಹೇಳುವ ಮೊದಲು ಆ ತಾರೀಖನ್ನು ಕೇಳಿ ತಿಳಿಯುವುದು ಸಭ್ಯತೆ.